ಹೊಸ ಛತ್ತಿನಲ್ಲಿ ಬಿರುಕು: ಗುತ್ತಿಗೆದಾರರಿಗೆ ಬರೆದಿರುವ ಪತ್ರವನ್ನು ದಯವಿಟ್ಟು ನೋಡಿಕೊಡಿ

ಮೇಷ್ಟ್ರು, ಕಲಬುರಗಿ

ಎಲ್ಲರಿಗೂ ಶರಣು. ಕಲಬುರಗಿಯ ರಿಂಗ್ ರಸ್ತೆಯ ಆಚೆ 30x40 ನಿವೇಶನದಲ್ಲಿ ಮನೆ ಕಟ್ಟಿಸುತ್ತಿದ್ದೇನೆ. ಏಪ್ರಿಲ್ 12ರಂದು ಛತ್ತು ಹಾಕಿದರು. ಮುಂಜಾನೆ 7ಕ್ಕೆ ಶುರು ಮಾಡುವುದೆಂದು ಮಾತಾಗಿತ್ತು, ಆದರೆ ಮಿಕ್ಸರ್ ಬಂದದ್ದೇ ಹತ್ತೂವರೆಗೆ. ಬಿರುಬಿಸಿಲಿನಲ್ಲಿ, ಬಿಸಿಗಾಳಿಯಲ್ಲಿ ಕೆಲಸ ನಡೆದು ಸಂಜೆ 5ಕ್ಕೆ ಮುಗಿಯಿತು. ಮರುದಿನ ಬೆಳಿಗ್ಗೆ ನೀರು ನಿಲ್ಲಿಸಲು ಹೋದಾಗ ಹಾಲ್‌ನ ಮೇಲ್ಭಾಗದಲ್ಲಿ ಮೂರು ಬಿರುಕುಗಳು ಕಂಡವು. ಗುತ್ತಿಗೆದಾರರು "ಸಿಮೆಂಟ್ ಹಾಲು ಬಳಿದರೆ ಮುಚ್ಚಿಹೋಗುತ್ತದೆ" ಎಂದರು, ನಾನೂ ಸುಮ್ಮನಾದೆ. ಏಪ್ರಿಲ್ 27ರಂದು ಸೆಂಟ್ರಿಂಗ್ ಬಿಚ್ಚಿದರು. ಮರುದಿನ ಬಾಲ್ಕನಿಯ ಮೇಲೆ, ಗೋಡೆಯ ಗುಂಟ ಸುಮಾರು 9 ಅಡಿ ಉದ್ದದ ಇನ್ನೊಂದು ಬಿರುಕು ಕಾಣಿಸಿತು. ಈಗ ಫೋನ್ ಎತ್ತಿದರೆ "ಬರುತ್ತೇನೆ" ಎನ್ನುತ್ತಾರೆ, ಬರುವುದಿಲ್ಲ.

ಲಿಖಿತ ಉತ್ತರ ಕೇಳೋಣವೆಂದು ಈ ಪತ್ರ ಬರೆದಿದ್ದೇನೆ: "ನೀವು ಕಳಪೆ ಸಿಮೆಂಟ್ ಬಳಸಿ, ಕಬ್ಬಿಣ ಉಳಿಸಿ ನನಗೆ ಮೋಸ ಮಾಡಿದ್ದೀರಿ. ಇಡೀ ಛತ್ತನ್ನು ನಿಮ್ಮ ಖರ್ಚಿನಲ್ಲಿ ಒಡೆದು ಹೊಸದಾಗಿ ಹಾಕಿಕೊಡಬೇಕು. ಇಲ್ಲದಿದ್ದರೆ ಒಂದು ರೂಪಾಯಿಯನ್ನೂ ಕೊಡುವುದಿಲ್ಲ." ಇಷ್ಟು ಸಾಕೇ, ಇನ್ನೂ ಗಟ್ಟಿಯಾಗಿ ಬರೆಯಬೇಕೇ?

ಸಿಮೆಂಟ್ ಅಂಗಡಿ, ಸೇಡಂ

ಮೇಷ್ಟ್ರೇ, ಛತ್ತಿನಲ್ಲಿ ಕೂದಲೆಳೆಯಂಥ ಬಿರುಕು ಬರುವುದು ಸಹಜ. ನಮ್ಮ ಭಾಗದ ಬಿಸಿಲಿಗೆ ಬಿರುಕಿಲ್ಲದ ಛತ್ತು ನಾನು ನೋಡಿಲ್ಲ. ಮಿಶ್ರಣಕ್ಕೆ ಒಂದೆರಡು ಚೀಲ ಸಿಮೆಂಟ್ ಹೆಚ್ಚು ಹಾಕಿಸಿದ್ದರೆ ಇದೂ ಬರುತ್ತಿರಲಿಲ್ಲ. ಇಷ್ಟಕ್ಕೆ ಪತ್ರ ಬರೆದು ಸಂಬಂಧ ಕೆಡಿಸಿಕೊಳ್ಳಬೇಡಿ.

ನಿವೃತ್ತ ಇಂಜಿನಿಯರ್, ಬೀದರ್

ಮೇಷ್ಟ್ರೇ, ಪತ್ರದ ಮಾತು ಆಮೇಲೆ. ಮೊದಲು ಇವತ್ತೇ ಬಾಲ್ಕನಿಯ ಕೆಳಗೆ, ಹೊರತುದಿಯ ಹತ್ತಿರ, ಜಾಕಿಗಳನ್ನು ಮತ್ತೆ ನಿಲ್ಲಿಸಿರಿ. ಜಾಕಿಯ ತಲೆ ಛತ್ತಿಗೆ ತಾಗಿ ಬಿಗಿಯಾದರೆ ಸಾಕು. ಬಾಗಿದ್ದನ್ನು ಎತ್ತಿ ಸರಿಮಾಡುತ್ತೇನೆಂದು ತಿರುಗಿಸಬಾರದು. ಬಾಲ್ಕನಿಯ ಮೇಲೆ ಯಾರೂ ಓಡಾಡಬಾರದು, ಇಟ್ಟಿಗೆ ಪೇರಿಸಿದ್ದರೆ ಇಳಿಸಬೇಕು, ಕೆಳಗೆ ಮಕ್ಕಳು ಆಡದಂತೆ ಅಡ್ಡ ಕಟ್ಟಬೇಕು.

ಅಂಗಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿದೆ. ಹಾಲ್‌ನ ಬಿರುಕು ಬಿಸಿಲು ಗಾಳಿಯದ್ದಾಗಿರಬಹುದು, ಆದರೆ ಸಿಮೆಂಟ್ ಹೆಚ್ಚು ಹಾಕಿದರೆ ಅದು ನಿಲ್ಲುವುದಿಲ್ಲ; ಹೆಚ್ಚು ಸಿಮೆಂಟ್ ಎಂದರೆ ಹೆಚ್ಚು ಕುಗ್ಗುವಿಕೆ. ಬಾಲ್ಕನಿಯ ಬಿರುಕಂತೂ ಬೇರೆಯೇ ಜಾತಿಯದು. ಎರಡನ್ನೂ ಒಂದೇ ಸಾಲಿನಲ್ಲಿ ಬರೆದರೆ ಗುತ್ತಿಗೆದಾರರು ಹಗುರವಾದ ಬಿರುಕಿಗೆ ಉತ್ತರ ಕೊಟ್ಟು ಭಾರವಾದದ್ದನ್ನು ದಾಟಿಕೊಳ್ಳುತ್ತಾರೆ. ನಿಮ್ಮ ಪತ್ರದ ದೊಡ್ಡ ದೋಷ ಅದು.

ನಾಲ್ಕು ಸಂಗತಿ ತಿಳಿಸಿ. ಹಾಲ್‌ನ ಬಿರುಕುಗಳು ಒಂದಕ್ಕೊಂದು ಸಮಾನಾಂತರವಾಗಿವೆಯೇ, ಅಂಚಿನ ತನಕ ಹೋಗಿವೆಯೇ? ನೀರು ನಿಲ್ಲಿಸಿದಾಗ ಕೆಳಗೆ ತೇವ ಕಂಡಿತೇ? ಬಾಲ್ಕನಿ ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ, ದಪ್ಪ ಎಷ್ಟು? ಯಾವ ಸಿಮೆಂಟ್, ಎಷ್ಟು ದಿನ ನೀರು ಕೊಟ್ಟಿರಿ?

ಶಹಾಪುರದ ಗೃಹಿಣಿ

ನಮ್ಮ ಮನೆಯಲ್ಲೂ ಇದೇ ಆಗಿದೆ. ಬೀಮಿನ ಕೆಳಗೆ ಗೋಡೆ ಸೇರುವ ಜಾಗದಲ್ಲಿ ಉದ್ದಕ್ಕೂ ಗೆರೆ ಎದ್ದಿದೆ. ಎರಡು ಸಲ ಬಣ್ಣ ಬಳಿಸಿದೆವು, ಮತ್ತೆ ಬಂತು. ನಾನೂ ಛತ್ತು ಒಡೆಸಬೇಕೇನೋ ಎಂದು ಹೆದರಿದ್ದೇನೆ.

ನಿವೃತ್ತ ಇಂಜಿನಿಯರ್, ಬೀದರ್

ಅಕ್ಕಾವರೇ, ನಿಮ್ಮದು ಛತ್ತಿನ ಬಿರುಕಲ್ಲ. ಕಾಂಕ್ರೀಟ್ ಬೀಮು ಮತ್ತು ಇಟ್ಟಿಗೆಯ ಗೋಡೆ ಬಿಸಿಲಿಗೆ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ಆದ್ದರಿಂದ ಅವು ಕೂಡುವ ಜಾಗದಲ್ಲಿ ಗಿಲಾಯ ಸೀಳುತ್ತದೆ. ಅಲ್ಲಿ ಗಿಲಾಯ ತೆಗೆದು ಕೋಳಿ ಜಾಲಿ ಹೊಡೆದು ಮತ್ತೆ ಗಿಲಾಯ ಮಾಡಿಸಿದರೆ ಬಹುತೇಕ ನಿಲ್ಲುತ್ತದೆ. ಬರೀ ಬಣ್ಣಕ್ಕೆ ಅದು ನಿಲ್ಲುವುದಿಲ್ಲ.

ಮೇಷ್ಟ್ರು, ಕಲಬುರಗಿ

ಜಾಕಿ ನಿಲ್ಲಿಸಿದೆ. ಬಾಲ್ಕನಿಯ ಮೇಲೆ ಕಟ್ಟೆ ಕಟ್ಟಲು ನಾನೂರು ಇಟ್ಟಿಗೆ ಪೇರಿಸಿದ್ದರು. ಮಗ ಮತ್ತು ನಾನು ಒಳಬದಿಯಿಂದಲೇ ಕೈಚಾಚಿ ಎಲ್ಲವನ್ನೂ ಇಳಿಸಿದೆವು.

ಹಾಲ್‌ನ ಮೂರು ಬಿರುಕುಗಳು ಓರೆಯಾಗಿ, ಸಮಾನಾಂತರವಾಗಿ, ಒಂದೂವರೆ ಎರಡು ಅಡಿಗೊಂದರಂತೆ ಇವೆ. ಉದ್ದ ಎರಡರಿಂದ ಮೂರು ಅಡಿ, ಯಾವುದೂ ಅಂಚು ಮುಟ್ಟಿಲ್ಲ. ಇವತ್ತು ನೀರು ನಿಲ್ಲಿಸಿ ನೋಡಿದೆ. ನಡುವಿನ ಬಿರುಕಿನ ಕೆಳಗೆ ಮಾತ್ರ ತೇವದ ಗೆರೆ ಮೂಡಿತು. ಬಾಲ್ಕನಿ 4 ಅಡಿ ಚಾಚಿದೆ, ದಪ್ಪ 5 ಇಂಚು. ಅಲ್ಲಿಯ ಬಿರುಕಿನಲ್ಲಿ ಬ್ಲೇಡಿನ ತುದಿ ಇಳಿಯುತ್ತದೆ. ಸಿಮೆಂಟ್ ಪಿಪಿಸಿ, ನಾನೇ ತಂದುಕೊಟ್ಟದ್ದು. ನೀರು ಹನ್ನೆರಡು ದಿನ ಕೊಟ್ಟಿದ್ದೇವೆ, ಆದರೆ ನಾಲ್ಕನೆಯ ಮತ್ತು ಐದನೆಯ ದಿನ ಟ್ಯಾಂಕರ್ ಬರಲಿಲ್ಲ, ಛತ್ತು ಒಣಗಿತ್ತು. ನೀರಿನ ಹೊಣೆ ನನ್ನದೇ ಆಗಿತ್ತು. ಇದನ್ನು ಪತ್ರದಲ್ಲಿ ಬರೆಯಬೇಕೋ ಬಿಡಬೇಕೋ ತಿಳಿಯುತ್ತಿಲ್ಲ.

ಗೌಂಡಿ ಕೆಲಸದವರು, ಯಾದಗಿರಿ

ಈಗ ನಿಜ ಹೊರಬಂತು ನೋಡಿ. ಇಪ್ಪತ್ತೆರಡು ವರ್ಷದಿಂದ ಛತ್ತು ಹಾಕುತ್ತಿದ್ದೇನೆ. ಸಿಮೆಂಟ್ ಮಾಲೀಕರದು, ನೀರು ಮಾಲೀಕರದು, ಬೈಗುಳ ಮಾತ್ರ ನಮ್ಮದು. "ಮೋಸ ಮಾಡಿದ್ದೀರಿ" ಎಂದು ಬರೆದ ಪತ್ರ ನನ್ನ ಕೈಗೆ ಬಂದರೆ ನಾನು ಸಾಮಾನು ಎತ್ತಿಕೊಂಡು ಮನೆಗೆ ಹೋಗುತ್ತೇನೆ. ಅರ್ಧ ಕೆಲಸಕ್ಕೆ ಬೇರೆ ಗೌಂಡಿ ಬರುವುದಿಲ್ಲ, ಬಂದರೂ ಎರಡು ಪಟ್ಟು ಕೇಳುತ್ತಾನೆ.

ನಿವೃತ್ತ ಇಂಜಿನಿಯರ್, ಬೀದರ್

ಗೌಂಡಿಯವರ ಸಿಟ್ಟಿನಲ್ಲಿ ನ್ಯಾಯವಿದೆ. ಆದರೆ ದಿನಾಂಕಗಳನ್ನು ನೋಡೋಣ. ಹಾಲ್‌ನ ಬಿರುಕು 13ರ ಬೆಳಿಗ್ಗೆಯೇ ಕಂಡಿದೆ, ಟ್ಯಾಂಕರ್ ತಪ್ಪಿದ್ದು ಅದಾದ ಮೇಲೆ. ಹೀಗಾಗಿ ಆ ಬಿರುಕು ಹುಟ್ಟಿದ್ದಕ್ಕೆ ಟ್ಯಾಂಕರ್ ಕಾರಣವಲ್ಲ. ಹಸಿ ಕಾಂಕ್ರೀಟಿನ ಒಳಗಿನಿಂದ ನೀರು ನಿಧಾನವಾಗಿ ಮೇಲಕ್ಕೆ ಬರುತ್ತಿರುತ್ತದೆ. ಬಿಸಿಲು, ಗಾಳಿ ಅದಕ್ಕಿಂತ ವೇಗವಾಗಿ ಮೇಲ್ಮೈ ನೀರನ್ನು ಹೀರಿದರೆ, ಇನ್ನೂ ಗಟ್ಟಿಯಾಗದ ಮೇಲ್ಪದರ ಕುಗ್ಗಿ ಸೀಳುತ್ತದೆ. ಚದರ ಮೀಟರಿಗೆ ಗಂಟೆಗೆ ಒಂದು ಲೀಟರಿನಷ್ಟು ಆರತೊಡಗಿದರೆ ಅಪಾಯ ಎಂಬುದು ನಾವು ಇಟ್ಟುಕೊಳ್ಳುವ ಲೆಕ್ಕ. ಓರೆ, ಸಮಾನಾಂತರ, ಅಂಚು ಮುಟ್ಟದ ಬಿರುಕು ಎಂದರೆ ಇದರ ಗುರುತೇ. ತಡೆಯುವ ಗಳಿಗೆ ಅದೇ ಸಂಜೆ: ಮೇಲ್ಮೈ ಎಳೆದು ಮುಗಿಸುತ್ತಿದ್ದಂತೆ ಪ್ಲಾಸ್ಟಿಕ್ ಹಾಳೆ ಹೊದಿಸಬೇಕಿತ್ತು, ಬಿಗಿದ ಮೇಲೆ ಒದ್ದೆ ಗೋಣಿ ಹಾಕಬೇಕಿತ್ತು. ಮರುದಿನ ಬೆಳಿಗ್ಗೆ ನೀರು ನಿಲ್ಲಿಸುವ ಹೊತ್ತಿಗೆ ಆಗುವುದು ಆಗಿಹೋಗಿರುತ್ತದೆ. ಅಂದು ಸಂಜೆ ಹೊದಿಸುವ ಹೊಣೆ ಯಾರದು ಎಂಬುದೇ ಪತ್ರದಲ್ಲಿ ಕೇಳಬೇಕಾದ ಪ್ರಶ್ನೆ.

ಟ್ಯಾಂಕರ್ ತಪ್ಪಿದ್ದನ್ನೂ ಬರೆಯಿರಿ. ಪಿಪಿಸಿಗೆ ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ IS 456 ಕನಿಷ್ಠ 10 ದಿನ ನೀರು ಕೇಳುತ್ತದೆ, 14ಕ್ಕೆ ಏರಿಸುವುದು ಒಳ್ಳೆಯದೆನ್ನುತ್ತದೆ. ಎರಡು ದಿನ ಒಣಗಿದ್ದರಿಂದ ಮೇಲ್ಪದರದ ಗಟ್ಟಿತನ ಸ್ವಲ್ಪ ಕಡಿಮೆಯಾಗಿರಬಹುದು. ನೀವೇ ಹೇಳಿದರೆ ಅದು ನಿಮ್ಮ ಪ್ರಾಮಾಣಿಕತೆ. ಅವರು ಹೇಳಿದರೆ ನಿಮ್ಮ ಮೇಲಿನ ಆರೋಪವಾಗುತ್ತದೆ.

ಇನ್ನು ಬಾಲ್ಕನಿ. ಎರಡು ಕಡೆ ಗೋಡೆಯ ಮೇಲೆ ಕುಳಿತ ಛತ್ತಿಗೆ ಮುಖ್ಯ ಸರಳು ಕೆಳಗಿರುತ್ತದೆ. ಹೊರಗೆ ಚಾಚಿದ ಬಾಲ್ಕನಿಗೆ ಅದು ಮೇಲಿರಬೇಕು, ಏಕೆಂದರೆ ತುದಿ ಬಾಗಿದಾಗ ಎಳೆತ ಬೀಳುವುದು ಗೋಡೆಯ ನೆತ್ತಿಯ ಮೇಲೆ. ಕಾಂಕ್ರೀಟ್ ಹಾಕುವಾಗ ಪುಟ್ಟಿ ಹೊತ್ತವರು ಆ ಮೇಲಿನ ಸರಳನ್ನು ತುಳಿದೇ ನಡೆಯುತ್ತಾರೆ. ಅಡಿಯಲ್ಲಿ ಅದನ್ನು ಎತ್ತಿ ಹಿಡಿಯುವ ಕುರ್ಚಿ ಸರಳು ಸಾಕಷ್ಟು ಇಲ್ಲದಿದ್ದರೆ ಅದು ಕುಸಿದು ನಡುವಿಗೆ ಹೋಗುತ್ತದೆ. ಸೆಂಟ್ರಿಂಗ್ ಇರುವವರೆಗೆ ಏನೂ ಕಾಣುವುದಿಲ್ಲ, ಬಿಚ್ಚಿದ ಮರುದಿನ ಗೋಡೆಯ ಗುಂಟ ಬಿರುಕು ಬರುತ್ತದೆ. ನಿಮ್ಮ ದಿನಾಂಕಗಳು ಅದನ್ನೇ ಹೇಳುತ್ತಿವೆ. ಆದರೂ ಇದು ಅನುಮಾನ ಮಾತ್ರ, ಪತ್ರದಲ್ಲಿ ತೀರ್ಪಿನಂತೆ ಬರೆಯಬೇಡಿ.

ಸೈಟ್ ಇಂಜಿನಿಯರ್, ಕಲಬುರಗಿ

ಗಟ್ಟಿತನ ಪರೀಕ್ಷಿಸಲು ಅದೇ ಕಾಂಕ್ರೀಟಿನ ಕ್ಯೂಬ್ ತೆಗೆದಿದ್ದೀರಾ ಸರ್? ನಿಮ್ಮ ಛತ್ತು 900 ಚದರ ಅಡಿ ಇದ್ದರೂ ಬೀಮು ಹೊರತಾಗಿ ಹತ್ತು ಘನ ಮೀಟರ್ ದಾಟುತ್ತದೆ. ಅಷ್ಟಕ್ಕೆ ಎರಡು ಸಲ ಮಾದರಿ, ಸಲಕ್ಕೆ ಮೂರರಂತೆ ಆರು ಕ್ಯೂಬ್ ಬೇಕಿತ್ತು. ಇಲ್ಲದಿದ್ದರೆ ಈಗ ರಿಬೌಂಡ್ ಹ್ಯಾಮರ್ ಹೊಡೆಸಿ ಗಟ್ಟಿತನದ ಅಂದಾಜು ನೋಡಬಹುದು. ಅದು ಮೇಲ್ಮೈಯನ್ನಷ್ಟೇ ಹೇಳುತ್ತದೆ, ಸರಳು ಎಲ್ಲಿದೆ ಎಂಬುದನ್ನು ಹೇಳುವುದಿಲ್ಲ. ಸರಳಿಗೆ ಕವರ್ ಮೀಟರ್ ಬೇಕು.

ಮೇಷ್ಟ್ರು, ಕಲಬುರಗಿ

ಕ್ಯೂಬ್ ತೆಗೆದಿಲ್ಲ. ಅದನ್ನು ಕೇಳಬೇಕೆಂದು ನನಗೆ ಗೊತ್ತೇ ಇರಲಿಲ್ಲ.

ವಕೀಲರು, ಕಲಬುರಗಿ

ಮೇಷ್ಟ್ರೇ, "ಕಳಪೆ ಸಿಮೆಂಟ್ ಬಳಸಿ" ಎಂದು ಬರೆದಿದ್ದೀರಿ, ಸಿಮೆಂಟ್ ತಂದವರು ನೀವೇ. ಆ ಒಂದು ವಾಕ್ಯ ಸಾಕು, ನಾಳೆ ನಿಮ್ಮ ಪತ್ರವನ್ನು ನಿಮ್ಮ ವಿರುದ್ಧವೇ ಓದುತ್ತಾರೆ. ಸಾಮಾನು ನಿಮ್ಮದಾದರೂ ಕೆಲಸದ ಗುಣಮಟ್ಟದ ಹೊಣೆ ಕೆಲಸ ಮಾಡಿದವರದೇ. ಮನೆ ಕಟ್ಟಿಕೊಡುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಸೇವೆಯೇ ಆಗಿದೆ, ಕಾರಣ ಹುಟ್ಟಿದ ದಿನದಿಂದ ಎರಡು ವರ್ಷದೊಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಆದರೆ ಮೊದಲ ಪತ್ರದಲ್ಲಿ ಕಾಯ್ದೆಯ ಹೆಸರು ಎತ್ತಬೇಡಿ. ಸ್ಥಳ ನೋಡಲು ದಿನ ಗೊತ್ತುಮಾಡಿ, ಉತ್ತರಕ್ಕೆ ಗಡುವು ಕೊಡಿ, ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ ರಸೀದಿ ಇಟ್ಟುಕೊಳ್ಳಿ, ಅದರ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲೂ ಹಾಕಿ. ಹಣದ ಮಾತಿಗೆ ಬಂದರೆ, ಛತ್ತಿನ ಕಂತನ್ನು ಮಾತ್ರ ಪರಿಶೀಲನೆಯ ತನಕ ತಡೆದಿದ್ದೇನೆ ಎನ್ನಿ.

ಗೌಂಡಿ ಕೆಲಸದವರು, ಯಾದಗಿರಿ

ವಕೀಲ ಸಾಹೇಬರೇ, ಕಂತು ತಡೆದರೆ ನಾನು ಆಳುಗಳಿಗೆ ಶನಿವಾರ ಏನು ಕೊಡಲಿ? ಹಾಲ್, ಅಡುಗೆ ಮನೆ, ಮೆಟ್ಟಿಲು ಎಲ್ಲವೂ ಅದೇ ಕಂತಿನಲ್ಲಿ ಬರುತ್ತವೆ. ಬಾಲ್ಕನಿ 36 ಚದರ ಅಡಿ. ಅದರ ಹಣ ಬೇಕಾದರೆ ಹಿಡಿಯಿರಿ.

ವಕೀಲರು, ಕಲಬುರಗಿ

ಬಾಲ್ಕನಿ ಒಡೆದು ಕಟ್ಟುವ ಖರ್ಚು 36 ಅಡಿಯ ದರದಲ್ಲಿ ಮುಗಿಯುವುದಿಲ್ಲ. ಈ ವಿಷಯದಲ್ಲಿ ನಾನು ನಿಮ್ಮ ಮಾತಿಗೆ ಒಪ್ಪಲಾರೆ.

ನಿವೃತ್ತ ಇಂಜಿನಿಯರ್, ಬೀದರ್

ಇನ್ನೊಂದು ಮಾತು ಹೇಳಿಬಿಡುತ್ತೇನೆ. ಪತ್ರ ಹೋಗುವ ತನಕ, ಉತ್ತರ ಬರುವ ತನಕ, ಯಾರಿಗೂ ಬಿರುಕಿನ ಮೇಲೆ ಸಿಮೆಂಟ್ ಹಾಲು ಬಳಿಯಲು ಬಿಡಬೇಡಿ. ಬಳಿದ ಮೇಲೆ ಅಗಲ ಅಳೆಯಲು ಆಗುವುದಿಲ್ಲ. ಪ್ರತಿ ಬಿರುಕಿನ ಎರಡೂ ತುದಿಗೆ ಪೆನ್ಸಿಲ್ಲಿನಿಂದ ಗೆರೆ ಎಳೆದು ದಿನಾಂಕ ಬರೆಯಿರಿ. ಬಾಲ್ಕನಿಯ ಬಿರುಕಿಗೆ ಅಡ್ಡಲಾಗಿ ತೆಳ್ಳನೆಯ ಗಾಜಿನ ಪಟ್ಟಿಯನ್ನು ಎರಡೂ ತುದಿಗೆ ಸಿಮೆಂಟ್ ಇಟ್ಟು ಅಂಟಿಸಿರಿ. ಬಿರುಕು ಇನ್ನೂ ಬಾಯಿ ಬಿಡುತ್ತಿದ್ದರೆ ಗಾಜು ಒಡೆಯುತ್ತದೆ.

ಮೇಷ್ಟ್ರು, ಕಲಬುರಗಿ

ಎಲ್ಲರ ಮಾತು ಕೇಳಿ ಹಳೆಯ ಪತ್ರ ಹರಿದು ಹಾಕಿದೆ. ಹೊಸದು ಹೀಗಿದೆ.

"ಮಾನ್ಯರೇ,

ನಮ್ಮ ಮನೆಯ ಛತ್ತಿಗೆ ಏಪ್ರಿಲ್ 12ರಂದು ಮುಂಜಾನೆ 10.30ರಿಂದ ಸಂಜೆ 5ರವರೆಗೆ ತಾವು ಕಾಂಕ್ರೀಟ್ ಹಾಕಿಸಿದ್ದೀರಿ. ಅದರಲ್ಲಿ ಎರಡು ಬಗೆಯ ಬಿರುಕುಗಳು ಕಂಡಿದ್ದು, ಪ್ರತಿಯೊಂದಕ್ಕೂ ಬೇರೆ ಬೇರೆಯಾಗಿ ಕಾರಣ ಮತ್ತು ಪರಿಹಾರವನ್ನು ಬರವಣಿಗೆಯಲ್ಲಿ ತಿಳಿಸಬೇಕೆಂದು ಕೋರುತ್ತೇನೆ.

ಮೊದಲನೆಯದು, ಏಪ್ರಿಲ್ 13ರ ಬೆಳಿಗ್ಗೆ ಹಾಲ್‌ನ ಮೇಲ್ಭಾಗದಲ್ಲಿ ಕಂಡ ಎರಡರಿಂದ ಮೂರು ಅಡಿ ಉದ್ದದ ಮೂರು ಓರೆ ಬಿರುಕುಗಳು. ನೀರು ನಿಲ್ಲಿಸಿದಾಗ ನಡುವಿನ ಬಿರುಕಿನ ಕೆಳಗೆ ತೇವ ಕಾಣಿಸುತ್ತದೆ. ಕಾಂಕ್ರೀಟ್ ಹಾಕಿದ ಸಂಜೆ ಮೇಲ್ಮೈ ಒಣಗದಂತೆ ತಾವು ಏನು ವ್ಯವಸ್ಥೆ ಮಾಡಿದ್ದಿರಿ ಎಂಬುದನ್ನು ತಿಳಿಸಿರಿ. ಏಪ್ರಿಲ್ 15 ಮತ್ತು 16ರಂದು ಟ್ಯಾಂಕರ್ ಬಾರದ ಕಾರಣ ನನ್ನ ಕಡೆಯಿಂದ ನೀರು ಕೊಡಲು ಆಗಲಿಲ್ಲ ಎಂಬುದನ್ನೂ ಇಲ್ಲಿ ದಾಖಲಿಸುತ್ತೇನೆ.

ಎರಡನೆಯದು, ಏಪ್ರಿಲ್ 27ರಂದು ಸೆಂಟ್ರಿಂಗ್ ಬಿಚ್ಚಿದ ಮರುದಿನ ಬಾಲ್ಕನಿಯ ಮೇಲೆ ಗೋಡೆಯ ಗುಂಟ ಕಂಡ 9 ಅಡಿ ಉದ್ದದ ಬಿರುಕು. ಅಲ್ಲಿ ಮೇಲಿನ ಸರಳು ನಕ್ಷೆಯಲ್ಲಿರುವ ಮಟ್ಟದಲ್ಲಿಯೇ ಉಳಿದಿದೆಯೇ ಎಂಬುದನ್ನು ಇಬ್ಬರ ಸಮಕ್ಷಮದಲ್ಲಿ ಪರೀಕ್ಷಿಸಬೇಕಾಗಿದೆ. ಸದ್ಯ ಜಾಕಿ ಕೊಟ್ಟಿದ್ದೇನೆ. ಪರೀಕ್ಷೆ ಮುಗಿಯುವ ತನಕ ಅದನ್ನು ತೆಗೆಯಬಾರದು, ಬಿರುಕನ್ನು ಮುಚ್ಚಬಾರದು.

ಈ ಪತ್ರ ತಲುಪಿದ 7 ದಿನದೊಳಗೆ ಸ್ಥಳಕ್ಕೆ ಬಂದು ನೋಡಿ, 15 ದಿನದೊಳಗೆ ಲಿಖಿತ ಉತ್ತರ ಕೊಡಬೇಕೆಂದು ವಿನಂತಿ. ಫೋಟೊಗಳನ್ನು ಇದರೊಂದಿಗೆ ಇಟ್ಟಿದ್ದೇನೆ."

ವಕೀಲರು, ಕಲಬುರಗಿ

ಚೆನ್ನಾಗಿದೆ. ಫೋಟೊಗಳ ಹಿಂದೆ ದಿನಾಂಕ ಬರೆಯಿರಿ, ಬಿರುಕಿನ ಪಕ್ಕ ಒಂದು ನಾಣ್ಯ ಇಟ್ಟು ತೆಗೆದರೆ ಅಳತೆ ತಿಳಿಯುತ್ತದೆ. ಕಂತಿನ ಮಾತು ಬಿಟ್ಟಿದ್ದೀರಿ.

ಮೇಷ್ಟ್ರು, ಕಲಬುರಗಿ

ಬೇಕೆಂದೇ ಬಿಟ್ಟೆ. ಗೌಂಡಿಯವರ ಶನಿವಾರದ ಮಾತು ಮನಸ್ಸಿಗೆ ನಾಟಿತು. ಉತ್ತರ ಬಂದ ಮೇಲೆ ನೋಡುತ್ತೇನೆ.

ಮೇಷ್ಟ್ರು, ಕಲಬುರಗಿ (ಹನ್ನೆರಡು ದಿನಗಳ ನಂತರ)

ಗುತ್ತಿಗೆದಾರರು ಆರನೆಯ ದಿನ ತಾವಾಗಿಯೇ ಬಂದರು. ಕವರ್ ಮೀಟರ್ ಸಿಗಲಿಲ್ಲ, ಆದ್ದರಿಂದ ನಕ್ಷೆ ಮಾಡಿದ ಇಂಜಿನಿಯರರನ್ನು ನಿಲ್ಲಿಸಿಕೊಂಡು ಬಾಲ್ಕನಿಯ ಬಿರುಕಿನ ಮೇಲೆ ಮೂರು ಕಡೆ ಅಂಗೈ ಅಗಲದಷ್ಟು ಕಾಂಕ್ರೀಟನ್ನು ಉಳಿಯಿಂದ ನಿಧಾನವಾಗಿ ಬಿಡಿಸಿದೆವು. ಬಾಗಿಲಿನ ಎದುರಿಗೆ ಮೇಲಿನ ಸರಳಿನ ಮೇಲೆ 60 ಮಿ.ಮೀ. ಕಾಂಕ್ರೀಟ್ ಇದೆ, ನಡುವೆ 55 ಇದೆ. ಯಾರೂ ನಡೆಯದ ಮೂಲೆಯಲ್ಲಿ ಮಾತ್ರ 25. ನಕ್ಷೆಯಲ್ಲಿ ಬರೆದಿರುವುದು 20. ಗಾಜು ಒಡೆದಿಲ್ಲ.

ಲಿಖಿತ ಉತ್ತರವೂ ಬಂತು. ಹಾಲ್‌ನ ಛತ್ತಿಗೆ ಅಂದು ಸಂಜೆ ಏನೂ ಹೊದಿಸಿರಲಿಲ್ಲವೆಂದು ಒಪ್ಪಿ, ದುರಸ್ತಿ ಮಾಡಿಕೊಡುವುದಾಗಿ ಬರೆದಿದ್ದಾರೆ. ಬಾಲ್ಕನಿಯ ಬಗ್ಗೆ, "ತಾವು ನೇಮಿಸಿದ ಎಲೆಕ್ಟ್ರಿಷಿಯನ್ ಅಂದು ಮುಂಜಾನೆ ಪೈಪು ಹಾಕುವಾಗ ಸರಳು ತುಳಿದಿರುತ್ತಾನೆ" ಎಂದಿದ್ದಾರೆ. ಎಲೆಕ್ಟ್ರಿಷಿಯನ್ ನನ್ನ ಕಡೆಯವನೇ ಹೌದು.

ನಿವೃತ್ತ ಇಂಜಿನಿಯರ್, ಬೀದರ್

ಮೂಲೆಯಲ್ಲಿ ಸರಿಯಾಗಿದ್ದು ಬಾಗಿಲಿನ ಎದುರಿಗೆ ಕುಸಿದಿದೆ ಎಂದರೆ ಕಟ್ಟುವಾಗ ಸರಳು ಸರಿಯಾಗಿಯೇ ಇತ್ತು, ಆಮೇಲೆ ತುಳಿದದ್ದು. ಲೆಕ್ಕ ಸರಳ. 5 ಇಂಚು ಎಂದರೆ 125 ಮಿ.ಮೀ. ಅದರಲ್ಲಿ ಮೇಲಿನ 20 ಮತ್ತು 10 ಮಿ.ಮೀ. ಸರಳಿನ ಅರ್ಧ 5 ಕಳೆದರೆ, ತಳದಿಂದ ಸರಳಿನ ನಡುವಿಗೆ 100 ಇರಬೇಕಿತ್ತು. ಈಗ 60 ಉಳಿದಿದೆ. ಬಾಗುವಿಕೆಯನ್ನು ತಡೆಯುವ ಶಕ್ತಿ ಹೆಚ್ಚುಕಡಿಮೆ ಆ ಎತ್ತರದ ಪ್ರಮಾಣದಲ್ಲೇ ಇರುತ್ತದೆ. ಅಂದರೆ ನೂರರಲ್ಲಿ ಸುಮಾರು ಅರವತ್ತು ಪಾಲು ಮಾತ್ರ ಕೈಯಲ್ಲಿದೆ. ಇದಕ್ಕೆ ಬಿರುಕು ತುಂಬುವುದು ಪರಿಹಾರವಲ್ಲ.

ಹಾಲ್‌ಗೆ ಮಾತ್ರ ತುಂಬುವುದೇ ಸಾಕು. ತೇವ ಇಳಿದ ನಡುವಿನ ಬಿರುಕಿಗೆ ತೆಳುವಾದ ಎಪಾಕ್ಸಿಯನ್ನು ಒತ್ತಡದಿಂದ ಇಳಿಸಬೇಕು. ಉಳಿದೆರಡನ್ನು ಕೊರೆದು ಪಾಲಿಮರ್ ಗಾರೆ ತುಂಬಿ, ಮತ್ತೆ ಎರಡು ದಿನ ನೀರು ನಿಲ್ಲಿಸಿ ಕೆಳಗೆ ನೋಡಬೇಕು.

ಸಿಮೆಂಟ್ ಅಂಗಡಿ, ಸೇಡಂ

ಬಾಲ್ಕನಿಯ ತುದಿಗೆ ಎರಡು ಕಂಬ ಕೊಟ್ಟುಬಿಟ್ಟರೆ ಒಡೆಯುವ ಗೋಜೇ ಇಲ್ಲವಲ್ಲ.

ನಿವೃತ್ತ ಇಂಜಿನಿಯರ್, ಬೀದರ್

ಕಂಬ ಕೊಟ್ಟರೆ ಛತ್ತು ಬಾಗುವ ರೀತಿಯೇ ಬದಲಾಗುತ್ತದೆ. ಆಗ ಎಳೆತ ಕೆಳಗೆ ಬರುತ್ತದೆ, ಬಾಲ್ಕನಿಯ ಕೆಳಭಾಗದಲ್ಲಿ ಇರುವುದು ನಾಮಕಾವಾಸ್ತೆ ಸರಳು. ನಾಲ್ಕು ಅಡಿಯ ಅಂತರಕ್ಕೆ ಅದು ಸಾಕಾಗಲೂಬಹುದು, ಆದರೆ ಎರಡು ಕಂಬಗಳ ನಡುವೆ ತುದಿಗೆ ಬೀಮು ಬೇಕು, ಕಂಬಕ್ಕೆ ಪಾಯ ಬೇಕು. ಕರಿ ಎರೆಮಣ್ಣಿನ ಜಾಗವಾದರೆ ಆ ಪಾಯವೂ ಮನೆಯ ಪಾಯದಷ್ಟೇ ಆಳಕ್ಕೆ ಹೋಗಬೇಕು, ಇಲ್ಲದಿದ್ದರೆ ಮಳೆಗಾಲದಲ್ಲಿ ಕಂಬವೇ ಬಾಲ್ಕನಿಯನ್ನು ಎತ್ತುತ್ತದೆ. ನಕ್ಷೆ ಮಾಡಿದವರು ಲೆಕ್ಕ ಹಾಕಿ ಸಹಿ ಮಾಡಿಕೊಟ್ಟರೆ ಮಾತ್ರ ಅದನ್ನು ಒಪ್ಪಿರಿ.

ಗೌಂಡಿ ಕೆಲಸದವರು, ಯಾದಗಿರಿ

ಎಲೆಕ್ಟ್ರಿಷಿಯನ್ ತುಳಿದಿರಬಹುದು, ಅದು ನಮಗೆ ದಿನಾ ಇರುವ ಗೋಳು. ಆದರೆ ಕಾಂಕ್ರೀಟ್ ಸುರಿಯುವ ಮುಂಚೆ ಸರಳನ್ನು ಎತ್ತಿ ಕುರ್ಚಿ ಕೊಟ್ಟು ನೋಡುವುದು ಗೌಂಡಿಯ ಕೆಲಸ. ನಮ್ಮವರಾದರೂ ಇದನ್ನು ನಾನು ಹೇಳಲೇಬೇಕು. ಒಡೆಯುವುದಾದರೆ ಯಂತ್ರ ಹಾಕಿ ಸರಳು ಕತ್ತರಿಸಲು ಬಿಡಬೇಡಿ, ಮೇಷ್ಟ್ರೇ. ಕೈಯುಳಿಯಿಂದ ಕಾಂಕ್ರೀಟ್ ಬಿಡಿಸಿ, ಒಳಗಿನ ಛತ್ತಿನಿಂದ ಬರುವ ಅದೇ ಸರಳನ್ನು ಎತ್ತಿ ಕಟ್ಟಿ ಮತ್ತೆ ಹಾಕಬಹುದು. ನಾಲ್ಕು ಆಳು, ಮೂರು ದಿನದ ಕೆಲಸ.

ವಕೀಲರು, ಕಲಬುರಗಿ

ಎಲೆಕ್ಟ್ರಿಷಿಯನ್ ನಿಮ್ಮ ಕಡೆಯವನಾದ್ದರಿಂದ ಹೊಣೆ ಹಂಚಿಕೆಯ ವಾದ ಬಂದೇ ಬರುತ್ತದೆ. ಅವರ ಉತ್ತರವನ್ನು ಲಕೋಟೆ ಸಮೇತ ಇಟ್ಟುಕೊಳ್ಳಿ. ಅಳತೆಯ ಹಾಳೆಗೆ ಮೂವರ ಸಹಿ ಆಗಿದೆಯೇ?

ಮೇಷ್ಟ್ರು, ಕಲಬುರಗಿ

ಆಗಿದೆ. ಗುತ್ತಿಗೆದಾರರೂ ಸಹಿ ಮಾಡಿದ್ದಾರೆ. ಎರಡನೆಯ ಪತ್ರದಲ್ಲಿ ಬಾಲ್ಕನಿಯನ್ನು ಕೈಯುಳಿಯಿಂದ ಬಿಡಿಸಿ ಅದೇ ಸರಳಿನ ಮೇಲೆ ಮತ್ತೆ ಹಾಕಬೇಕೆಂದೂ, ಈ ಸಲ ಆರು ಕ್ಯೂಬ್ ತೆಗೆಯಬೇಕೆಂದೂ, ಕಾಂಕ್ರೀಟ್ ಸುರಿಯುವ ಮುಂಚೆ ಸರಳಿನ ಮಟ್ಟವನ್ನು ಇಂಜಿನಿಯರರು ನೋಡಿ ಸಹಿ ಮಾಡಬೇಕೆಂದೂ ಕೇಳಿದ್ದೇನೆ. ಸಾಮಾನಿನ ಖರ್ಚು ನನ್ನದು, ಕೂಲಿ ಅವರದು ಎಂದು ಬರೆದಿದ್ದೇನೆ. ಅವರು ಅರ್ಧ ಕೂಲಿಗೆ ಬಂದು ನಿಂತಿದ್ದಾರೆ. ಜಾಕಿಗಳು ಅಲ್ಲೇ ಇವೆ.